ನಾಲ್ಕು ಚೀಲದ ಲೆಕ್ಕ

ಇಂಟರ್ನ್‌ಶಿಪ್‌ನ ಕೊನೆಯ ವಾರ ನಾವು ಮೂವರೂ ನಮ್ಮ ಪ್ರಾಜೆಕ್ಟ್ ವರದಿ ಹಿಡಿದುಕೊಂಡು ಮಾರ್ಗದರ್ಶಕರ ಮುಂದೆ ನಿಂತಿದ್ದೆವು. ವಿಷಯ ಬೆಳೆ ವಿಮೆ. ವಿಮೆ ತುಂಬಿದ ಹೊಲ ಹಾಳಾದರೂ ಕೆಲವರಿಗೆ ಹಣ ಬರುವುದಿಲ್ಲ, ಬೆಳೆ ಚೆನ್ನಾಗಿ ಬಂದವರ ಖಾತೆಗೆ ಒಮ್ಮೊಮ್ಮೆ ಹಣ ಬೀಳುತ್ತದೆ. ಯಾಕೆ ಹೀಗೆ ಎಂಬುದೇ ನಮ್ಮ ಪ್ರಶ್ನೆ. ಮಾರ್ಗದರ್ಶಕರು ವರದಿಯ ನಾಲ್ಕು ಪುಟ ತಿರುವಿ ಹಾಕಿ ಮರಳಿ ಕೊಟ್ಟರು. "ಇದನ್ನ ಬಸವಕಲ್ಯಾಣ ಕಡೆ ಒಂದು ಊರಾಗ, ಹುಮನಾಬಾದ್ ಕಡೆ ಒಂದು ಊರಾಗ ಬಾಯಿಲೆ ಹೇಳಿ ಬರ್ರಿ. ಅವರಿಗಿ ತಿಳಿದಮ್ಯಾಲ ನನಗ ಕೊಡ್ರಿ" ಅಂದರು.

ಬಸವಕಲ್ಯಾಣ ತಾಲ್ಲೂಕಿನ ಊರಲ್ಲಿ ಹನುಮಾನ್ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ನಮ್ಮಲ್ಲಿ ಒಬ್ಬಳು ವರದಿ ತೆಗೆದು ಶುರುಮಾಡಿದಳು: "ವಿಮಾ ಘಟಕದ ವಾಸ್ತವ ಇಳುವರಿಯು ಥ್ರೆಶ್‌ಹೋಲ್ಡ್ ಇಳುವರಿಗಿಂತ ಕಡಿಮೆಯಾದಾಗ..." ಎರಡನೇ ವಾಕ್ಯ ಮುಗಿಯುವಷ್ಟರಲ್ಲಿ ಒಬ್ಬ ಕಾಕಾ ತಂಬಾಕು ತಿಕ್ಕುತ್ತಾ, "ತಂಗಿ, ಇದು ಬ್ಯಾಂಕಿನವರು ಹೇಳಿದಂಗೇ ಆತು" ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು, ಆದರೆ ಮುಖ ಬಾಡಿತ್ತು.

ನಮ್ಮ ಹತ್ತಿರ ಒಂದು ಉದಾಹರಣೆ ಇತ್ತು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೇ? ಸರ್ಕಾರವೂ ಹಾಗೆಯೇ ಮಾಡುತ್ತದೆ. ಇಡೀ ಪಂಚಾಯಿತಿಯ ಎಲ್ಲಾ ಹೊಲ ತೂಗಲು ಆಗುವುದಿಲ್ಲ, ನಾಲ್ಕು ಹೊಲಗಳಲ್ಲಿ ಚಿಕ್ಕ ಚಿಕ್ಕ ತುಂಡು ಕೊಯ್ದು ತೂಗಿ ಇಡೀ ಪಂಚಾಯಿತಿಯ ಬೆಳೆ ಎಷ್ಟು ಎಂದು ಹೇಳುತ್ತದೆ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎನ್ನುತ್ತಾರೆ. ಜನ ತಲೆ ಆಡಿಸಿದರು. ಗೆದ್ದೆವು ಅಂದುಕೊಂಡೆವು.

ಗೋಡೆಗೆ ಒರಗಿ ಕೂತಿದ್ದ ಒಬ್ಬ ಆಯಿ ಕೇಳಿದರು: "ಅನ್ನಾ ಒಂದೇ ಬೋಗುಣ್ಯಾಗ ಇರ್ತದ, ಒಂದೇ ಉರಿ ಹತ್ತಿರ್ತದ. ನಮ್ಮ ಊರ ಹೊಲ ಹಂಗ ಅದಾವೇನು? ಹಳ್ಳದ ದಂಡಿಗಿ ಕರಿ ನೆಲ, ಮ್ಯಾಲ ಕೆಂಪು ಮೊರಂ. ಅಲ್ಲಿ ಮಳಿ ಬಿದ್ರ ಇಲ್ಲಿ ಬಿಸಿಲು. ಒಂದು ಅಗುಳ ಹಿಸುಕಿದ್ರ ಎಲ್ಲಾರದೂ ಬೆಂದದ ಅಂತ ಹೆಂಗ ಹೇಳ್ತೀರಿ?"

ಉತ್ತರ ಇರಲಿಲ್ಲ. ಯೋಚಿಸಿದರೆ ಇಡೀ ತಕರಾರು ಇರುವುದೇ ಅಲ್ಲಿ. ಅನ್ನದ ಉದಾಹರಣೆ ಆ ತಕರಾರನ್ನೇ ಮುಚ್ಚಿಹಾಕುತ್ತಿತ್ತು.

ದಾರಿ ತೋರಿಸಿದವರು ಒಬ್ಬ ಮುತ್ಯಾ. ಹಿಂದೆ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. "ಅಡತಿ ಅಂಗಡ್ಯಾಗ ನೋಡೀರೇನು? ನೂರು ಚೀಲ ಇಳಿದಿರ್ತಾವ. ಖರೀದಿದಾರ ಎಲ್ಲಾ ಬಿಚ್ಚಂಗಿಲ್ಲ. ನಾಲ್ಕು ಚೀಲಕ್ಕ ಕಬ್ಬಿಣದ ಕೊಳವಿ ಚುಚ್ಚಿ ಕಾಳು ತಗೀತಾನ. ಒಂದು ಚೀಲದಾಗಿನ ಕಾಳು ಛಲೋ ಇರ್ತದ, ಒಂದರಾಗಿನದು ತೊಯ್ದಿರ್ತದ. ನಾಲ್ಕೂ ನೋಡಿ ಇಡೀ ರಾಶಿಗಿ ಒಂದೇ ರೇಟ್ ಕೂಗ್ತಾನ."

ಅಲ್ಲೇ ನೆಲದ ಮೇಲೆ ಕೂತು ಆ ಮಾತಿನ ಮೇಲೆ ಲೆಕ್ಕ ಹಾಕಿದೆವು. ಪೇಟೆಯಲ್ಲಿ ನೋಡುವುದು ಕಾಳಿನ ಗುಣ, ಇಲ್ಲಿ ನೋಡುವುದು ತೂಕ, ಅಷ್ಟೇ ವ್ಯತ್ಯಾಸ. ಒಂದು ಗ್ರಾಮ ಪಂಚಾಯಿತಿಯ ಸೋಯಾ ಎಲ್ಲಾ ಸೇರಿ ಒಂದು ರಾಶಿ. ಅದರೊಳಗಿನ ನಾಲ್ಕು ಹೊಲ ನಾಲ್ಕು ಚೀಲ. ಚೀಲ ಯಾವುದು ಎಂದು ಯಾರೂ ಕಣ್ಣಿಂದ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಸರ್ವೆ ನಂಬರ್ ಬರುತ್ತದೆ. ಹೊಲದೊಳಗೂ ಹಾಗೆಯೇ: ನೈರುತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಗಲಕ್ಕೆ ಎಂದು ಮೊದಲೇ ಬಂದ ಅಂಕಿಯಂತೆ ನಡೆದು ಗೂಟ ಹೊಡೆಯಬೇಕು. ಸೋಯಾದಂಥ ಹೆಚ್ಚಿನ ಬೆಳೆಗಳಿಗೆ ಆ ತುಂಡು 5 ಮೀಟರ್ ಉದ್ದ, 5 ಮೀಟರ್ ಅಗಲ. ಹಗ್ಗದ ಒಳಗಿನದೆಲ್ಲಾ ಕೊಯ್ದು, ಕಾಳು ಬಿಡಿಸಿ ತೂಗುತ್ತಾರೆ.

ಒಂದು ಎಕರೆಯಲ್ಲಿ ಅಂಥ ತುಂಡು ಸುಮಾರು 162 ಹಿಡಿಯುತ್ತವೆ. ತುಂಡಿನಲ್ಲಿ ಎರಡೂವರೆ ಕಿಲೋ ಬಂದರೆ ಎಕರೆಗೆ ಸುಮಾರು 4 ಕ್ವಿಂಟಲ್ ಎಂದು ಲೆಕ್ಕ. ತೂಕದಲ್ಲಿ ಕಾಲು ಕಿಲೋ ಹೆಚ್ಚುಕಮ್ಮಿಯಾದರೆ ಆ ಹೊಲದ ಎಕರೆ ಲೆಕ್ಕದಲ್ಲಿ 40 ಕಿಲೋ ಹೆಚ್ಚುಕಮ್ಮಿ. ಇದನ್ನು ಕೇಳಿ ಕಾಕಾ ತಂಬಾಕು ತಿಕ್ಕುವುದು ನಿಲ್ಲಿಸಿದರು. "ಹಂಗಾದ್ರ ತೂಗೋ ದಿನಾ ನಾವು ಅಲ್ಲಿ ನಿಂದರಬೇಕು" ಅಂದರು. ಹೌದು, ನಿಲ್ಲಬೇಕು. ಟೇಪ್ ಹಿಡಿದು ಅಳೆದರೋ ಇಲ್ಲವೋ, ಜಾಗ ಹೆಜ್ಜೆ ಲೆಕ್ಕದ್ದೋ ಅಥವಾ ಬದುವಿನ ಹತ್ತಿರ ಸಿಕ್ಕಿದ್ದೋ, ಬರೆದುಕೊಂಡ ತೂಕ ತಕ್ಕಡಿಯದ್ದೇ ಹೌದೋ ಅಲ್ಲವೋ, ಇವು ಕಣ್ಣಿಗೆ ಕಾಣುವ ಸಂಗತಿಗಳು. ಇನ್ನೊಂದು ತೊಡಕೂ ಇದೆ. ಚೀಟಿಯಲ್ಲಿ ಬಂದ ಹೊಲದವರು ಮಳೆಗೆ ಅಂಜಿ ಮೊದಲೇ ರಾಶಿ ಮುಗಿಸಿದ್ದರೆ ಬೇರೆ ಹೊಲ ಹುಡುಕಬೇಕಾಗುತ್ತದೆ. ಚೀಲ ಬದಲಾಗುವುದು ಅಲ್ಲೇ.

ಇನ್ನು ಹಣದ ಮಾತು. ಹಿಂದಿನ 7 ವರ್ಷಗಳಲ್ಲಿ ಕೆಟ್ಟ ಎರಡು ವರ್ಷ ಬಿಟ್ಟು, ಒಳ್ಳೆಯ 5 ವರ್ಷಗಳ ಸರಾಸರಿ ತೆಗೆಯುತ್ತಾರೆ. ಅದರಲ್ಲಿ ಇಂತಿಷ್ಟು ಪಾಲಿಗೆ ಮಾತ್ರ ವಿಮೆಯ ರಕ್ಷಣೆ. ನಾವು ಲೆಕ್ಕ ಸುಲಭವಾಗಲಿ ಎಂದು ಸರಾಸರಿ ಎಕರೆಗೆ 5 ಕ್ವಿಂಟಲ್, ರಕ್ಷಣೆ ನೂರಕ್ಕೆ 80 ಎಂದು ಇಟ್ಟುಕೊಂಡೆವು. ಆಗ ಗೆರೆ 4 ಕ್ವಿಂಟಲ್‌ಗೆ ಬೀಳುತ್ತದೆ. ವರದಿಯಲ್ಲಿ ಥ್ರೆಶ್‌ಹೋಲ್ಡ್ ಇಳುವರಿ ಎಂದು ಬರೆದಿದ್ದೆವಲ್ಲ, ಅದು ಇದೇ ಗೆರೆ. ಕಟ್ಟೆಯ ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಗೆರೆ ಎಳೆದೆವು.

ಒಂದು ವರ್ಷ ನಾಲ್ಕು ಹೊಲಗಳಲ್ಲಿ ಎಕರೆಗೆ 5, 4, 2, 1 ಕ್ವಿಂಟಲ್ ಬಂತು ಅನ್ನೋಣ. ಕೂಡಿಸಿದರೆ 12, ನಾಲ್ಕರಿಂದ ಭಾಗಿಸಿದರೆ 3. ಗೆರೆಗಿಂತ ಒಂದು ಕ್ವಿಂಟಲ್ ಕಡಿಮೆ, ಅಂದರೆ ನಾಲ್ಕನೇ ಒಂದು ಪಾಲು. ಎಕರೆಗೆ ವಿಮಾ ಮೊತ್ತ 20,000 ರೂಪಾಯಿ ಇದ್ದರೆ ಅದರ ನಾಲ್ಕನೇ ಒಂದು ಪಾಲು, 5,000 ರೂಪಾಯಿ. ಇದು ಆ ಪಂಚಾಯಿತಿಯಲ್ಲಿ ಸೋಯಾಕ್ಕೆ ವಿಮೆ ತುಂಬಿದ ಎಲ್ಲರಿಗೂ ಎಕರೆಗೆ ಒಂದೇ. 5 ಕ್ವಿಂಟಲ್ ಬೆಳೆದವನಿಗೂ ಅಷ್ಟೇ, 1 ಕ್ವಿಂಟಲ್ ಬೆಳೆದವಳಿಗೂ ಅಷ್ಟೇ.

ಇನ್ನೊಂದು ವರ್ಷ 6, 5, 4, 1 ಬಂತು ಅನ್ನೋಣ. ಕೂಡಿಸಿದರೆ 16, ಸರಾಸರಿ 4. ಸರಿಯಾಗಿ ಗೆರೆಯ ಮೇಲೆ. ಯಾರಿಗೂ ಒಂದು ರೂಪಾಯಿ ಇಲ್ಲ. ಆ ಒಂದು ಕ್ವಿಂಟಲ್‌ನ ಹೊಲದವಳಿಗೂ ಇಲ್ಲ. ಮುಂಗಾರು ಬೆಳೆಗೆ ರೈತರ ಕಂತು ನೂರಕ್ಕೆ 2. ಎಕರೆಗೆ 400 ರೂಪಾಯಿ ತುಂಬಿರುತ್ತಾಳೆ, ಅದೂ ಹೋಯಿತು.

ಆಯಿ ಗೆರೆಯನ್ನೇ ನೋಡುತ್ತಾ ಕೂತರು. "ಪ್ಯಾಟ್ಯಾಗ ರೇಟ್ ಸೇರಲಿಲ್ಲಂದ್ರ ನನ್ನ ಚೀಲ ನಾ ಹೊತ್ಕೊಂಡು ಬರ್ತೀನಿ. ಇಲ್ಲಿ ಹಂಗೂ ಬರಂಗಿಲ್ಲ" ಅಂದರು. ಈ ಸಲ ನಾವು ಆ ಮಾತನ್ನು ವರದಿಯಲ್ಲೇ ಬರೆದುಕೊಂಡೆವು. ಉದಾಹರಣೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು ಎಂದು ಅವತ್ತು ಕಲಿತೆವು. ಈ ಯೋಜನೆ, ಅಂದರೆ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ, ಮುಖ್ಯವಾಗಿ ಬರಗಾಲದಂಥ ಊರಿಗೆಲ್ಲಾ ಬೀಳುವ ಹೊಡೆತವನ್ನು ಅಳೆಯುತ್ತದೆ. ಒಬ್ಬರ ಹೊಲದ ಹೊಡೆತ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಮರುದಿನ ಬಸ್ ಹತ್ತಿ ಹುಮನಾಬಾದ್ ಕಡೆಯ ಊರಿಗೆ ಹೋದೆವು. ಈ ಸಲ ವರದಿ ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ನಾಲ್ಕು ಸಣ್ಣ ಚೀಲ ಮುಂದಿಟ್ಟುಕೊಂಡು ಮಾತಾಡಿದೆವು, ಒಂದೊಂದರಲ್ಲಿ ಬೇರೆ ಬೇರೆ ಅಳತೆಯ ಸೋಯಾ. ಎಲ್ಲವನ್ನೂ ಒಂದು ಪುಟ್ಟಿಗೆ ಸುರಿದು, ಮರಳಿ ನಾಲ್ಕು ಸಮಪಾಲು ಮಾಡಿದೆವು. ಶಾಲೆಗೆ ಹೋಗದವರಿಗೂ ಸರಾಸರಿ ಅಂದರೇನು ಎಂದು ಬಾಯಿಂದ ಹೇಳಬೇಕಾಗಲಿಲ್ಲ.

ಎಲ್ಲಾ ಮುಗಿದ ಮೇಲೆ ಒಬ್ಬ ಅಕ್ಕ ಎದ್ದು ನಿಂತರು. ಅವರ ಹೊಲ ಹಳ್ಳದ ದಂಡೆಯಲ್ಲಿ. ಹಿಂದಿನ ಮಳೆಗಾಲದಲ್ಲಿ ಮೂರು ದಿನ ನೀರು ನಿಂತು ತೊಗರಿ ನಿಂತಲ್ಲೇ ಒಣಗಿತ್ತು. ಉಳಿದವರ ತೊಗರಿಗೆ ಏನೂ ಆಗಿರಲಿಲ್ಲ. "ನಿಮ್ಮ ಲೆಕ್ಕದಾಗ ನನ್ನ ಚೀಲ ಖಾಲಿ. ಆದ್ರ ಪುಟ್ಟಿ ತುಂಬೇದ. ನಂದೇನ್ರೀ?"

ಇದಕ್ಕೆ ಯೋಜನೆಯಲ್ಲೇ ಬೇರೆ ಬಾಗಿಲು ಇದೆ. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ, ಮೋಡ ಒಡೆದಂತೆ ಮಳೆ ಸುರಿದರೆ, ಸಿಡಿಲಿಗೆ ಬೆಂಕಿ ಹತ್ತಿದರೆ ಆ ಒಂದು ಹೊಲವನ್ನೇ ಬಂದು ನೋಡಿ ನಷ್ಟ ಬರೆಯುತ್ತಾರೆ. ಪುಟ್ಟಿಯ ಲೆಕ್ಕ ಅಲ್ಲಿ ಬರುವುದಿಲ್ಲ. ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆಗೂ 14 ದಿನದವರೆಗೆ ಅಕಾಲಿಕ ಮಳೆಯಿಂದಾದ ನಷ್ಟಕ್ಕೆ ಇದೇ ದಾರಿ. ಆದರೆ ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿಗೆ, ಬ್ಯಾಂಕಿಗೆ, ಕೃಷಿ ಇಲಾಖೆಗೆ ಅಥವಾ 14447 ಸಹಾಯವಾಣಿಗೆ.

ಅಕ್ಕ ಹೇಳಿದ್ದರು. ಎಂಟನೇ ದಿನ, ಅರ್ಜಿ ತುಂಬಿದ ಕಡೆ ಹೋಗಿ ಹೇಳಿದ್ದರು. ನೀರು ಇಳಿಯಲಿ, ಗಿಡ ಚೇತರಿಸಿಕೊಳ್ಳುತ್ತದೋ ನೋಡೋಣ ಎಂದು ಕಾದಿದ್ದರು. ಯಾವ ರೈತರೂ ಕಾಯುತ್ತಾರೆ. ತೊಗರಿ ನೀರಲ್ಲಿ ನಿಂತ ದಿನವೇ ಒಣಗುವುದಿಲ್ಲ, ಬೇರು ಕೊಳೆತು ಎಲೆ ಜೋತುಬೀಳಲು ದಿನ ಹಿಡಿಯುತ್ತದೆ. ಗಡಿಯಾರ ಮಾತ್ರ ಅದಕ್ಕಾಗಿ ಕಾಯುವುದಿಲ್ಲ. ನಮ್ಮ ವರದಿಯಲ್ಲಿ ಈ 72 ಗಂಟೆಯ ಮಾತು ಹನ್ನೊಂದನೇ ಪುಟದಲ್ಲಿ ಒಂದು ಸಾಲಾಗಿ ಇತ್ತು. ಅಕ್ಕನ ಮುಂದೆ ನಿಂತಾಗ ಆ ಸಾಲು ನೆನಪಾಗಿ ನಾಚಿಕೆಯಾಯಿತು. ಹೋದ ವರ್ಷದ ತೊಗರಿಗೆ ಇನ್ನೇನೂ ಆಗುವುದಿಲ್ಲ ಎಂದು ಹೇಳಿದೆವು. ಹೇಳದೆ ಬರುವುದು ಸುಲಭವಿತ್ತು.

ಅವರು ಬೈಯಲಿಲ್ಲ. ಒಳಗೆ ಹೋಗಿ ಈ ವರ್ಷದ ವಿಮೆ ರಸೀದಿ ತಂದು ಕೊಟ್ಟು, "ಓದ್ರಿ" ಅಂದರು. ಬೆಳೆ ತೊಗರಿ ಎಂದೇ ಇತ್ತು, ಸರ್ವೆ ನಂಬರ್ ಸರಿ ಇತ್ತು. ಇದನ್ನು ನೋಡುವುದು ಮುಖ್ಯ. ಹೊಲದಲ್ಲಿ ತೊಗರಿ ಇದ್ದು ರಸೀದಿಯಲ್ಲಿ ಸೋಯಾ ಎಂದಿದ್ದರೆ ಮುಂದಿನ ಲೆಕ್ಕವೆಲ್ಲಾ ತಪ್ಪುತ್ತದೆ. ಅರ್ಜಿ ನಂಬರ್ ಹಾಕಿ ಸಂರಕ್ಷಣೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡುವುದನ್ನು ಅವರ ಮೊಮ್ಮಗನಿಗೆ ತೋರಿಸಿದೆವು.

ಅವತ್ತು ರಾತ್ರಿ ವರದಿ ಬಿಚ್ಚಿ ಹನ್ನೊಂದನೇ ಪುಟದ ಸಾಲನ್ನು ಮೊದಲನೇ ಪುಟಕ್ಕೆ ತಂದೆವು. ಅದರ ಕೆಳಗೆ ನಾಲ್ಕು ಚೀಲ. ಥ್ರೆಶ್‌ಹೋಲ್ಡ್ ಎಂಬ ಮಾತು ಒಂದೇ ಸಲ ಉಳಿಯಿತು, ಅದೂ ಕಚೇರಿಯಲ್ಲಿ ಯಾರಾದರೂ ಆ ಪದ ಬಳಸಿದರೆ ಗುರುತು ಸಿಗಲಿ ಎಂದು.

ಹುಮನಾಬಾದ್‌ನ ಆ ಮನೆಯಿಂದ ಹೊರಡುವಾಗ ಮೊಮ್ಮಗ ಸಹಾಯವಾಣಿಯ ನಂಬರನ್ನು ಅಜ್ಜಿಯ ಫೋನಿನಲ್ಲಿ ಉಳಿಸುತ್ತಿದ್ದ. ಏನೆಂದು ಹೆಸರು ಹಾಕಲಿ ಎಂದು ಕೇಳಿದ. ಅಕ್ಕ ಒಂದು ಕ್ಷಣ ಯೋಚಿಸಿ, "ಹಳ್ಳ ಅಂತ ಹಾಕು" ಅಂದರು.