ಹಿನ್ನಡೆಯ ಐದು ನಿಮಿಷ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಹಿಂದುಳಿದ ತಂಡದ ತರಬೇತುದಾರನಿಗೆ ವಿರಾಮದಲ್ಲಿ ಸಿಗುವುದು ಐದೇ ನಿಮಿಷ. ಅದನ್ನು ಬೈಗುಳದಲ್ಲಿ ಕಳೆಯುವವರೇ ಹೆಚ್ಚಾದರೂ, ಬಲ್ಲವನು ಅಂಕಫಲಕವನ್ನು ನೋಡುವ ಮೊದಲು ಅಂಕಣದಲ್ಲಿ ಎಷ್ಟು ಜನ ಉಳಿದಿದ್ದಾರೆಂದು ಎಣಿಸುತ್ತಾನೆ. ವಿರಾಮದ ನಂತರ ತಂಡಗಳು ಬದಿ ಬದಲಿಸಿದರೂ ಔಟಾದವರು ಔಟಾಗಿಯೇ ಉಳಿಯುತ್ತಾರೆ, ಮೊದಲ ಅವಧಿಯ ಕೊನೆಗೆ ಇದ್ದಷ್ಟೇ ಆಟಗಾರರಿಂದ ಆಟ ಮುಂದುವರಿಯುತ್ತದೆ ಎಂಬ ನಿಯಮವೇ ಇದಕ್ಕೆ ಕಾರಣ.

ತಂಡವೊಂದು 12–18ರಿಂದ ಹಿಂದಿದ್ದು, ಅದರ ಮೂವರು ಮಾತ್ರ ಉಳಿದಿದ್ದಾರೆ, ಎದುರಾಳಿಯ ಏಳೂ ಜನ ಅಂಕಣದಲ್ಲಿದ್ದಾರೆ, ಮೊದಲ ದಾಳಿ ಹಿಂದುಳಿದವರದು ಎಂದು ಭಾವಿಸೋಣ. ಈ ಮೂವರೂ ಔಟಾದರೆ ಎದುರಾಳಿಗೆ ಮೂರು ಅಂಕಗಳ ಜೊತೆಗೆ ಲೋನಾ, ಅಂದರೆ ಇಡೀ ತಂಡವನ್ನು ಖಾಲಿ ಮಾಡಿದ್ದಕ್ಕೆ ಸಿಗುವ ಎರಡು ಹೆಚ್ಚುವರಿ ಅಂಕ ಸೇರಿ, ಅಂತರ ಹನ್ನೊಂದಕ್ಕೆ ಏರುತ್ತದೆ. ಆದರೆ ಮೂವರೋ ಅದಕ್ಕಿಂತ ಕಡಿಮೆಯೋ ಇರುವಾಗ ದಾಳಿಗಾರನನ್ನು ಹಿಡಿದರೆ, ಸೂಪರ್ ಟ್ಯಾಕಲ್ ಎನ್ನುವ ಆ ಹಿಡಿತಕ್ಕೆ ಎರಡು ಅಂಕ. ಮೇಲಾಗಿ ಆರಕ್ಕಿಂತ ಕಡಿಮೆ ಜನರ ಎದುರು ಬೋನಸ್ ಅಂಕವಿಲ್ಲದ ಕಾರಣ ಎದುರಾಳಿ ಯಾರನ್ನಾದರೂ ಮುಟ್ಟಲೇಬೇಕು.

ಹೀಗಾಗಿ ತರಬೇತುದಾರನ ಸೂಚನೆ ವಿಚಿತ್ರವಾಗಿ ಕೇಳಿಸಬಹುದು: «ಮೊದಲ ಎರಡು ರೈಡ್ ಖಾಲಿ ಬಾ, ಮೂರನೇದಕ್ಕ ಬೋನಸ್ ಹೊಡಿ». ಖಾಲಿ ಬರುವುದೆಂದರೆ ಮಧ್ಯಗೆರೆಯಿಂದ 3.75 ಮೀಟರ್ ದೂರದ ಬಾಕ್ ಗೆರೆಯನ್ನಷ್ಟೇ ದಾಟಿ ಸುರಕ್ಷಿತವಾಗಿ ಮರಳುವುದು. ಎರಡು ಖಾಲಿ ದಾಳಿಗಳ ನಂತರದ ಮೂರನೆಯದರಲ್ಲಿ ಅಂಕ ತರದವನು ಔಟಾಗುವ ‘ಡೂ ಆರ್ ಡೈ’ ನಿಯಮ ಮೊದಲು ತಟ್ಟುವುದು ಮೊದಲು ದಾಳಿ ಮಾಡಿದವರನ್ನೇ. ಆಗ ಏಳು ಜನರ ಎದುರು ಬೋನಸ್ ಗೆರೆಯಾಚೆ ಒಂದು ಪಾದ ಊರಿ, ಹಿಂದಿನ ಕಾಲನ್ನು ನೆಲದಿಂದ ಎತ್ತಿ, ಸಿಕ್ಕಿಬೀಳದೆ ಮರಳಿದರೆ ಅಂಕ ದಕ್ಕಿ ದಾಳಿಗಾರ ಉಳಿಯುತ್ತಾನೆ. ಅದಕ್ಕೂ ಮೊದಲೇ ಬೋನಸ್‌ಗೆ ಕೈಹಾಕಿ ಸಿಕ್ಕಿಬೀಳುವುದು ವ್ಯರ್ಥ ಸಾಹಸ, ಏಕೆಂದರೆ ಬೋನಸ್ ಅಂಕದಿಂದ ಔಟಾದವರು ಯಾರೂ ಮರಳಿ ಬರುವುದಿಲ್ಲ.

ಎದುರಾಳಿಯೂ ಎರಡು ಬಾರಿ ಖಾಲಿ ಮರಳಿದ್ದರೆ, ಮುಂದಿನ ಸರದಿಯಲ್ಲಿ ಅವನು ಒಳಗೆ ನುಗ್ಗಲೇಬೇಕು. ಆಗ ಅವಸರಪಟ್ಟು ಎದುರು ಹೋಗುವ ಹಿಡಿತಗಾರನೇ ಕೆಲಸ ಕೆಡಿಸುತ್ತಾನೆ. ದಾಳಿಗಾರ ಮರಳಲು ಮೈ ತಿರುಗಿಸುವವರೆಗೆ ಕಾದು, ಮೂಲೆಯವನು ಕಣಕಾಲು ಹಿಡಿದ ಕೂಡಲೇ ಉಳಿದಿಬ್ಬರು ಮೇಲೆ ಬೀಳಬೇಕು. ಹಿಡಿತ ಸಿಕ್ಕರೆ ಅಂಕ 15–18, ಅಂಕಣದಲ್ಲಿ ನಾಲ್ವರು.

ಇದು ಬರಿಯ ಕಾಗದದ ಲೆಕ್ಕವಲ್ಲ: 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ವಿರಾಮಕ್ಕೆ 9–16ರಿಂದ ಹಿಂದಿದ್ದ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿತು, ಆದರೆ ಅಲ್ಲಿ 22 ಅಂಕ ತಂದ ಪವನ್ ಸೆಹ್ರಾವತ್ ಇದ್ದರು, ಜಾತ್ರೆಯ ತಂಡಕ್ಕೆ ಅಂಥವರು ಸಿಗುವುದು ಅಪರೂಪ. ಇನ್ನು ಆಯೋಜಕರು ‘ಡೂ ಆರ್ ಡೈ’ ಅಳವಡಿಸದಿದ್ದರೆ, ಮುಂದಿರುವ ತಂಡ ಖಾಲಿ ದಾಳಿಗಳಲ್ಲೇ ಹೊತ್ತು ಕಳೆಯಬಹುದಾದ್ದರಿಂದ ಈ ಕಾಯುವ ಆಟ ತಿರುಗುಬಾಣವಾಗುತ್ತದೆ, ಆಗ ಮೊದಲ ದಾಳಿಯಿಂದಲೇ ಮುಟ್ಟಿ ಒಬ್ಬೊಬ್ಬರನ್ನಾಗಿ ಮರಳಿ ಕರೆತರುವುದೊಂದೇ ದಾರಿ.