ಮೂವತ್ತು ಕಿಲೋ ಒಡಕು ಕೊಬ್ಬರಿ, ಎರಡು ಗಂಟೆ, ಐದು ಸ್ಟೋರಿ

ಕಿಬ್ಬನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಕೆಳಗಿಳಿಸಿ, ಸಿಪ್ಪೆ ಸುಲಿದು, ಮಚ್ಚಿನಲ್ಲಿ ಚಿಪ್ಪು ಬಿಡಿಸುವಾಗ ಏಟು ಒಂಚೂರು ಜೋರಾದರೆ ಒಳಗಿನ ಉಂಡೆ ಸೀಳುತ್ತದೆ. ಇಡೀ ಉಂಡೆಗೆ ಒಂದು ರೇಟು, ಒಡಕಿಗೆ ಇನ್ನೊಂದು ರೇಟು. ರುಚಿ ಎರಡಕ್ಕೂ ಒಂದೇ. ಆದರೆ ಒಡಕು ಹೆಚ್ಚು ದಿನ ಕಾಯುವುದಿಲ್ಲ. ಮಳೆಗಾಲದ ತೇವ ಸೀಳಿನೊಳಗೆ ಇಳಿದರೆ ಮೊದಲು ಬೂಷ್ಟು, ಆಮೇಲೆ ಕೌಟು ವಾಸನೆ.

ಶ್ರಾವಣದಲ್ಲಿ ನಮ್ಮಲ್ಲೊಬ್ಬನ ಚಿಕ್ಕಮ್ಮನ ಮನೆಯಲ್ಲಿ ಹೀಗೆ ಮೂವತ್ಮೂರು ಕಿಲೋ ಒಡಕು ಉಳಿಯಿತು. ಚಿಕ್ಕಮ್ಮನಿಗೆ ಸಂಘದ ಕಂತು ಕಟ್ಟುವುದಿತ್ತು. ಪತ್ರಿಕೋದ್ಯಮ ಓದಿದ ನಾವು ಮೂವರು, 'ಇನ್‌ಸ್ಟಾಗ್ರಾಮ್‌ನಲ್ಲಿ ಎರಡೇ ಗಂಟೆಯ ಫ್ಲಾಶ್ ಸೇಲ್ ಮಾಡ್ತೀವಿ, ಖಾಲಿ ಮಾಡಿಕೊಡ್ತೀವಿ' ಅಂದೆವು. ಕೊಬ್ಬರಿ ಮಾರಲೆಂದೇ ನಾವು ತೆರೆದಿದ್ದ ಖಾತೆಗೆ ಆಗ ಆರುನೂರು ಚಿಲ್ಲರೆ ಫಾಲೋವರ್ಸ್ ಇದ್ದರು.

ಮೊದಲ ಶನಿವಾರ ಹೋಗಿದ್ದು ಮೂರು ಕಿಲೋ.

ಎಲ್ಲಿ ತಪ್ಪಿದೆವು ಎಂದು ಆ ರಾತ್ರಿಯೇ ನಾವು ಹಾಕಿದ ಸ್ಟೋರಿಯನ್ನು ನಾವೇ ಕೂತು ನೋಡಿದೆವು. ಒಂದೇ ಫೋಟೋ. ಅದರ ಮೇಲೆ ಕಲ್ಪತರು ನಾಡಿನ ವರ್ಣನೆ, ಕೊಬ್ಬರಿಯ ಗುಣಗಾನ, ರೇಟು, ಸಮಯ ಎಲ್ಲ ಸೇರಿ ಅರವತ್ತು ಪದ. ಫೋಟೋ ಸ್ಟೋರಿ ಪರದೆಯ ಮೇಲೆ ನಿಲ್ಲುವುದು ಐದಾರು ಸೆಕೆಂಡು. ನಾವೇ ಬರೆದದ್ದನ್ನು ನಮಗೇ ಓದಿ ಮುಗಿಸಲು ಆಗಲಿಲ್ಲ. ಅದೇ ಫೋಟೋ ಮೇಲೆ ಪೋಲ್, ಪ್ರಶ್ನೆ ಪೆಟ್ಟಿಗೆ, ಲಿಂಕ್ ಮೂರೂ ಸ್ಟಿಕ್ಕರ್ ಅಂಟಿಸಿದ್ದೆವು. ನೋಡುವವರ ಬೆರಳು ಯಾವುದನ್ನು ಒತ್ತಬೇಕು?

ಅದಕ್ಕಿಂತ ದೊಡ್ಡ ತಪ್ಪು ಕೌಂಟ್‌ಡೌನ್ ಸ್ಟಿಕ್ಕರ್‌ನಲ್ಲಿತ್ತು. ಸೇಲ್ ಮುಗಿಯುವ ರಾತ್ರಿ 9 ಗಂಟೆಗೆ ಅದನ್ನು ಇಟ್ಟಿದ್ದೆವು. ಕೌಂಟ್‌ಡೌನ್ ಒತ್ತಿ ನೆನಪಿಸಲು ಹೇಳಿದವರಿಗೆ ನೋಟಿಫಿಕೇಶನ್ ಹೋಗುವುದು ಎಣಿಕೆ ಸೊನ್ನೆಗೆ ಬಂದಾಗ. ಅಂದರೆ ನಮ್ಮ ಕೊಬ್ಬರಿ ಬೇಕು ಅಂತ ಕಾದು ಕೂತಿದ್ದವರ ಫೋನು ಸದ್ದು ಮಾಡಿದ್ದು ನಾವು ಅಂಗಡಿ ಮುಚ್ಚಿದ ಕ್ಷಣಕ್ಕೆ ಸರಿಯಾಗಿ. ಬಾಗಿಲು ಹಾಕಿ ಊಟಕ್ಕೆ ಕರೆದಂತಾಯಿತು.

ಇನ್ನೂ ಒಂದಿತ್ತು. ಪಾರ್ಸೆಲ್ ಖರ್ಚು 60 ರೂಪಾಯಿ ಬೇರೆ ಎಂದು ಸ್ಟೋರಿಯಲ್ಲಿ ಬರೆದಿರಲಿಲ್ಲ. ಕೇಳಿದವರಿಗೆ ಕೊನೆಯಲ್ಲಿ ಹೇಳಿದೆವು. ನಾಲ್ಕು ಜನ ಅಲ್ಲಿಗೇ ಮಾತು ನಿಲ್ಲಿಸಿದರು.

ಚಿಕ್ಕಮ್ಮ ಬೈಯಲಿಲ್ಲ. 'ಇನ್ನೊಂದು ವಾರ ಬಿಸಿಲು ಕಂಡಾಗೆಲ್ಲ ಒಣಗಿಸಿ ಇಡ್ತೀನಿ ಕಣ್ರೋ, ಆಮೇಲೆ ನನ್ ಕೈಲಿಲ್ಲ' ಅಂದರು. ಉಳಿದದ್ದು ಮೂವತ್ತು ಕಿಲೋ.

ಎರಡನೇ ಸಲ ಒಂದು ನಿಯಮ ಮಾಡಿಕೊಂಡೆವು: ಒಂದು ಸ್ಟೋರಿಗೆ ಒಂದು ಮಾತು, ಒಂದು ಸ್ಟಿಕ್ಕರ್. ಬರೆದದ್ದನ್ನು ಆ ಮನೆಯ ಎಂಟನೇ ಕ್ಲಾಸಿನ ಹುಡುಗಿಗೆ ತೋರಿಸಿ, ಮನಸ್ಸಿನಲ್ಲೇ ಐದು ಎಣಿಸಿ ಫೋನ್ ಕಿತ್ತುಕೊಳ್ಳುವುದು. ಅವಳು ತಿರುಗಿ ಹೇಳಲು ಆದಷ್ಟೇ ಉಳಿಸುವುದು. ಹೆಚ್ಚು ಕಮ್ಮಿ ಹನ್ನೆರಡು ಪದಕ್ಕೆ ಬಂದು ನಿಂತಿತು.

ಗುರುವಾರ ಬೆಳಿಗ್ಗೆ ಮೊದಲ ಸ್ಟೋರಿ. ಒಡಕು ಉಂಡೆಯ ಫೋಟೋ, ಸೀಳು ಎದ್ದು ಕಾಣುವ ಹಾಗೆ. ಕೆಳಗೆ ಪೋಲ್.

'ಉಂಡೆ ಒಡೆದಿದೆ, ರುಚಿ ಒಡೆದಿಲ್ಲ. ನಿಮ್ಮ ಮನೆಗೆ ಎಷ್ಟು ಸಾಕು?'
ಅರ್ಧ ಕಿಲೋ / ಒಂದು ಕಿಲೋ

ಹಿಂದಿನ ವಾರದ ಪೋಲ್‌ನಲ್ಲಿ 'ಕೊಬ್ಬರಿ ಇಷ್ಟಾನಾ? ಹೌದು / ತುಂಬಾ' ಅಂತ ಕೇಳಿದ್ದೆವು. ಅದಕ್ಕೆ ಬಿದ್ದ ವೋಟಿನಿಂದ ನಮಗೆ ಏನೂ ತಿಳಿಯಲಿಲ್ಲ. ಈ ಸಲ ಕೇಳಿದ್ದು ನಮಗೆ ನಿಜವಾಗಿ ಗೊತ್ತಿಲ್ಲದ ವಿಷಯ. ಅರ್ಧ ಕಿಲೋಗೆ 41, ಒಂದು ಕಿಲೋಗೆ 23 ವೋಟು ಬಂತು. ಎಲ್ಲವನ್ನೂ ಒಂದೊಂದು ಕಿಲೋ ಕಟ್ಟುವ ಯೋಚನೆಯಲ್ಲಿದ್ದ ನಾವು ಇಪ್ಪತ್ತು ಪೊಟ್ಟಣ ಅರ್ಧ ಕಿಲೋದ್ದು, ಇಪ್ಪತ್ತು ಪೊಟ್ಟಣ ಒಂದು ಕಿಲೋದ್ದು ಕಟ್ಟಿದೆವು.

ಗುರುವಾರ ಸಂಜೆ ಎರಡನೆಯದು, ಪ್ರಶ್ನೆ ಪೆಟ್ಟಿಗೆ.

'ಒಡಕು ಕೊಬ್ಬರಿ ಕೊಳ್ಳೋಕೆ ನಿಮಗಿರೋ ಅನುಮಾನ ಏನು?'

ಬರೀ 'ಏನಾದ್ರೂ ಕೇಳಿ' ಅಂದಾಗ ಯಾರೂ ಕೇಳಿರಲಿಲ್ಲ. ಅನುಮಾನ ಏನು ಅಂದಾಗ ಹನ್ನೊಂದು ಜನ ಬರೆದರು. ಹೆಚ್ಚಿನವು ಎರಡೇ: ಹಳೇದಾ, ಎಷ್ಟು ದಿನ ಇರುತ್ತೆ. ಉತ್ತರ ನಾವು ಬರೆಯಲಿಲ್ಲ, ಚಿಕ್ಕಮ್ಮ ಹೇಳಿದ್ದನ್ನೇ ಹಾಕಿದೆವು: 'ಈ ತಿಂಗಳು ಹೊಡೆಸಿದ್ದು. ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ. ಹೊರಗಿಟ್ಟರೆ ಬೇಗ ಮುಗಿಸಿ.' ಮಾರುವವರು 'ಬೇಗ ಕೆಡುತ್ತೆ' ಅಂತ ತಾವೇ ಹೇಳುವುದಾ ಎಂದು ನಮ್ಮಲ್ಲೇ ಚರ್ಚೆ ಆಯಿತು. ಆದರೆ ರೇಟು ಕಮ್ಮಿ ಯಾಕೆ, ಎರಡೇ ಗಂಟೆ ಯಾಕೆ ಎನ್ನುವುದಕ್ಕೆ ಅದೇ ನಿಜವಾದ ಕಾರಣ. ಅದನ್ನು ಮುಚ್ಚಿಟ್ಟರೆ ಉಳಿಯುವುದು ಬರೀ ಕೂಗಾಟ.

ಶುಕ್ರವಾರ ರಾತ್ರಿ ಮೂರನೆಯದು, ಕೌಂಟ್‌ಡೌನ್. ಈ ಸಲ ಸೇಲ್ ಶುರುವಾಗುವ ಸಮಯಕ್ಕೆ.

'30 ಕಿಲೋ ಇದೆ. ಶನಿವಾರ ಸಂಜೆ 7ಕ್ಕೆ ಶುರು. ಇದನ್ನು ಒತ್ತಿ, ಫೋನೇ ನೆನಪಿಸುತ್ತೆ.'

ಕೌಂಟ್‌ಡೌನ್ ಒತ್ತಿದರೆ ಏನಾಗುತ್ತದೆ ಎಂದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಕೊನೆಯ ವಾಕ್ಯ. ಸ್ಟಿಕ್ಕರನ್ನು ಪರದೆಯ ನಡುವೆ ಇಟ್ಟೆವು. ತೀರಾ ಕೆಳಗಿಟ್ಟರೆ ಮೆಸೇಜ್ ಬರೆಯುವ ಪಟ್ಟಿಗೆ ತಾಗುತ್ತದೆ. ಅಂಚಿನಲ್ಲಿಟ್ಟರೆ ಬೆರಳು ಸ್ವಲ್ಪ ತಪ್ಪಿದರೂ ಸ್ಟೋರಿ ಮುಂದಕ್ಕೋ ಹಿಂದಕ್ಕೋ ಹಾರುತ್ತದೆ.

ಶನಿವಾರ ಸಂಜೆ 7ಕ್ಕೆ ನಾಲ್ಕನೆಯದು, ಸೇಲ್ ಸ್ಟೋರಿ.

'ಒಡಕು ಕೊಬ್ಬರಿ. ಕಿಲೋ ₹240, ಅರ್ಧ ₹125. ಪಾರ್ಸೆಲ್ ₹60 ಬೇರೆ. ಶನಿವಾರ ರಾತ್ರಿ 9ರವರೆಗೆ.'

ಇಲ್ಲಿ 'ಇವತ್ತು' ಅಂತ ಬರೆದಿಲ್ಲ, ಗಮನಿಸಿ. 'ಇನ್ನು ಎರಡೇ ಗಂಟೆ' ಅಂತಲೂ ಇಲ್ಲ. ಸ್ಟೋರಿ 24 ಗಂಟೆ ಇರುತ್ತದೆ. ಶನಿವಾರ ಸಂಜೆ ಹಾಕಿದ್ದನ್ನು ಭಾನುವಾರ ಮಧ್ಯಾಹ್ನ ನೋಡುವವರಿಗೆ 'ಇವತ್ತು' ಎಂದರೆ ಭಾನುವಾರವೇ. ವಾರದ ಹೆಸರು, ಗಡಿಯಾರದ ಸಮಯ ಎರಡನ್ನೂ ಬರೆಯಬೇಕು. ಸೇಲ್ ಮುಗಿದ ಕೂಡಲೇ ಆ ಸ್ಟೋರಿಯನ್ನು ಅಳಿಸಬೇಕು.

ಅದರ ಮೇಲಿದ್ದ ಒಂದೇ ಸ್ಟಿಕ್ಕರ್ ಲಿಂಕ್. ಒತ್ತಿದರೆ ಚಿಕ್ಕಮ್ಮನ ಮನೆಯ ವಾಟ್ಸಾಪ್ ತೆರೆದು, ಬರೆಯುವ ಜಾಗದಲ್ಲಿ ಅರ್ಧ ಮಾತು ಮೊದಲೇ ಬಂದಿರುವಂತೆ ಮಾಡಿದ್ದೆವು. ಲಿಂಕ್ ಹೀಗಿರುತ್ತದೆ:

```
https://wa.me/91XXXXXXXXXX?text=odaku%201kg%20PIN:
```

91 ಆದ ಮೇಲೆ ಹತ್ತು ಅಂಕಿಯ ನಂಬರು. ಹಿಂದೆ ಪ್ಲಸ್ ಬೇಡ, ಸೊನ್ನೆ ಬೇಡ, ನಡುವೆ ಜಾಗ ಬೇಡ. %20 ಅಂದರೆ ಎರಡು ಪದದ ನಡುವಿನ ಜಾಗ. ಕೊಳ್ಳುವವರು ತೂಕ ಬೇಕಾದರೆ ತಿದ್ದಿ, ಪಿನ್ ಕೋಡ್ ಸೇರಿಸಿ ಕಳಿಸಿದರೆ ಆಯಿತು. ಸ್ಟಿಕ್ಕರ್ ಮೇಲೆ ಈ ಉದ್ದನೆಯ ವಿಳಾಸ ಕಾಣದಂತೆ ಅದರ ಹೆಸರು ಬದಲಿಸಬಹುದು. ನಾವು 'ವಾಟ್ಸಾಪ್‌ನಲ್ಲಿ ಹೇಳಿ' ಎಂದು ಬರೆದೆವು. ಹಾಕುವ ಮುಂಚೆ ಬೇರೆ ಫೋನಿನಿಂದ ಒಮ್ಮೆ ಒತ್ತಿ ನೋಡಿದೆವು. ಮೊದಲ ಸಲ ಒಂದು ಅಂಕಿ ತಪ್ಪಿತ್ತು. ನೋಡದೇ ಹೋಗಿದ್ದರೆ ಆರ್ಡರೆಲ್ಲ ಯಾರದೋ ಮನೆಗೆ.

ಆರ್ಡರ್ ಬಂದ ಹಾಗೆ ಒಬ್ಬರು ನೋಟ್‌ಬುಕ್ಕಿನಲ್ಲಿ ಸಮಯ, ತೂಕ ಬರೆದು, ಮೂವತ್ತರಿಂದ ಕಳೆಯುತ್ತ ಹೋದರು. 7:50ಕ್ಕೆ ಹದಿನೆಂಟು ಕಿಲೋ ಹೋಗಿತ್ತು. ಆಮೇಲೆ ನಿಧಾನವಾಯಿತು. ಐದನೇ ಸ್ಟೋರಿ ಹಾಕುವ ಹೊತ್ತು. ನಮ್ಮಲ್ಲೊಬ್ಬ ಟೈಪ್ ಮಾಡಿದ: 'ಕೊನೆಯ 5 ಕಿಲೋ! ಬೇಗ!'

ಚಿಕ್ಕಮ್ಮ ಪೊಟ್ಟಣ ಕಟ್ಟುತ್ತಿದ್ದವರು ಇಣುಕಿ ನೋಡಿ, 'ಹನ್ನೆರಡು ಇದ್ಯಲ್ಲೋ, ಐದು ಅಂತ ಯಾಕ್ ಬರ್ದೆ?' ಅಂದರು.

'ಹಂಗೆ ಬರೆದ್ರೆ ಬೇಗ ತಗೋತಾರೆ ಚಿಕ್ಕಮ್ಮ.'

'ಆರನೇ ಕಿಲೋ ಕೇಳ್ದೋರಿಗೆ ಏನ್ ಹೇಳ್ತೀಯ?'

ಅವನ ಹತ್ತಿರ ಉತ್ತರ ಇರಲಿಲ್ಲ. ಇದು ಬರೀ ಮನೆಯ ಹಿರಿಯರ ಮಾತಲ್ಲ, ಕಾನೂನಿನ ಮಾತೂ ಹೌದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನ್‌ನಲ್ಲಿ ಕೊಳ್ಳುವವರ ದಾರಿ ತಪ್ಪಿಸುವ 13 ಬಗೆಗಳ ಪಟ್ಟಿ ಇದೆ. ಮೊದಲನೆಯದೇ ಸುಳ್ಳು ಆತುರ ಹುಟ್ಟಿಸುವುದು. ಸರಕು ಇರುವುದಕ್ಕಿಂತ ಕಮ್ಮಿ ಇದೆ ಎಂದು ತೋರಿಸುವುದು ಅದರಲ್ಲೇ ಬರುತ್ತದೆ. ರೇಟಿನ ಒಂದು ಭಾಗ ಮುಚ್ಚಿಟ್ಟು ಕೊನೆಯಲ್ಲಿ ಹೇಳುವುದೂ ಆ ಪಟ್ಟಿಯಲ್ಲಿದೆ. ಹಿಂದಿನ ವಾರ ಪಾರ್ಸೆಲ್ ಖರ್ಚಿನಲ್ಲಿ ನಾವು ಮಾಡಿದ್ದು ಅದನ್ನೇ.

ಅಳಿಸಿ ಹೀಗೆ ಬರೆದೆವು:

'30ರಲ್ಲಿ 12 ಕಿಲೋ ಉಳಿದಿದೆ. ಶನಿವಾರ ಸಂಜೆ 7:50ರ ಲೆಕ್ಕ.'

ಕೊನೆಯಲ್ಲಿ ಸಮಯ ಹಾಕಿದ್ದು, ಎಂಟೂವರೆಗೆ ನೋಡುವವರು ಹನ್ನೆರಡು ಇನ್ನೂ ಇದೆ ಅಂದುಕೊಳ್ಳದಿರಲಿ ಎಂದು. ಒಬ್ಬರು ಬೆಂಗಳೂರಿನಿಂದ, 'ನೀವು ಕೊನೆಯ ಎರಡೇ ಅಂತ ಹೇಳದಿದ್ದದ್ದು ನೋಡಿ ತಗೋತಾ ಇದೀನಿ' ಎಂದು ಬರೆದು ಎರಡು ಕಿಲೋ ಹೇಳಿದರು. ಎಲ್ಲರೂ ಹಾಗಿರುವುದಿಲ್ಲ. 'ಕೊನೆಯ 5' ಎಂದಿದ್ದರೆ ಆ ರಾತ್ರಿ ಪೂರ್ತಿ ಖಾಲಿ ಆಗುತ್ತಿತ್ತೋ ಏನೋ.

9 ಗಂಟೆಗೆ ಲೆಕ್ಕ ಮಾಡಿದರೆ ಇಪ್ಪತ್ತಾರು ಕಿಲೋ ಹೋಗಿತ್ತು. ನಾಲ್ಕು ಉಳಿದಿತ್ತು. 'ಎಲ್ಲಾ ಖಾಲಿ, ಧನ್ಯವಾದ' ಎಂದು ಹಾಕುವ ಆಸೆ ಮೂವರಿಗೂ ಇತ್ತು. ಸೇಲ್ ಸ್ಟೋರಿ ಅಳಿಸಿ, ಬೇರೆ ಒಂದು ಹಾಕಿದೆವು: '26 ಕಿಲೋ ಹೋಯಿತು. 4 ಉಳಿಯಿತು. ಸೋಮವಾರ ಪಾರ್ಸೆಲ್ ಹೊರಡುತ್ತೆ.'

ಆ ನಾಲ್ಕು ಕಿಲೋವನ್ನು ಭಾನುವಾರ ಚಿಕ್ಕಮ್ಮ ತುರಿದು ಬೆಲ್ಲ ಹಾಕಿ ಮಿಠಾಯಿ ಮಾಡಿದರು. ಕಂತು ಸೋಮವಾರವೇ ಕಟ್ಟಿದರು. ನಮ್ಮ ಪಾಲಿಗೆ ಬಂದ ಮಿಠಾಯಿ ಡಬ್ಬಿಯ ಫೋಟೋ ತೆಗೆದು ಸ್ಟೋರಿ ಹಾಕೋಣ ಅಂತ ಹೊರಟಾಗ ಅವರು ಕೇಳಿದ್ದು ಒಂದೇ: 'ಮಾರೋಕಿಲ್ಲ ಅಂತ ಬರ್ದಿದೀರಾ?'