ಕರಗಿದ ಐಸಿನ ಲೆಕ್ಕ

ಸನತ್‌ನಗರದಲ್ಲಿ ಸಂಸಾರ ಹೂಡಿರುವ ನಮ್ಮಂಥ ಕನ್ನಡದವರಿಗೆ ಏಪ್ರಿಲ್ ತಿಂಗಳು ಬಂತೆಂದರೆ ಎರಡು ಚಿಂತೆ. ಒಂದು, ರಜೆಗೆ ಊರಿಗೆ ಹೋಗಲು ರೈಲಿನಲ್ಲಿ ಜಾಗ, ಇನ್ನೊಂದು, ಐಸು. ಒಂದು ಕಾಲದಲ್ಲಿ ಇಲ್ಲಿನ ಆಲ್ವಿನ್ ಕಂಪನಿಯ ಹೆಸರು ಹೊತ್ತ ಫ್ರಿಜ್ಜು, ಗಡಿಯಾರ, ಬಸ್ಸುಗಳು ದೇಶವೆಲ್ಲ ಓಡಾಡಿದವು. ಆ ಕಂಪನಿ ಈಗ ಇಲ್ಲ. ಫ್ರಿಜ್ಜು ಮಾತ್ರ ಎಲ್ಲರ ಮನೆಗೂ ಬಂದಿದೆ. ಆದರೂ ರಾಮನವಮಿಯ ಪಾನಕಕ್ಕೆ, ಮದುವೆ ಮುಂಜಿಗೆ ಫ್ರಿಜ್ಜಿನ ತಟ್ಟೆಯ ನಾಲ್ಕು ಚೂರು ಸಾಲದು. ಗೋಣಿಯಲ್ಲಿ ಸುತ್ತಿದ ಗಡ್ಡೆಯನ್ನೇ ತರಬೇಕು. ತಂದದ್ದು ಅರ್ಧ ದಾರಿಯಲ್ಲೇ ಕರಗಿ ಆಟೋದವನ ಕಾಲಡಿ ಹರಿಯುತ್ತದೆ. ನಮ್ಮ ಮನೆಯವರು ಅದನ್ನು ನೋಡಿ, “ದುಡ್ಡು ನೀರಾಗುವುದು ಎಂದರೆ ಇದೇ ನೋಡಿ” ಎನ್ನುತ್ತಾರೆ.

ಈ ಮಾತಿಗೆ ಆಕ್ಷೇಪ ಎತ್ತಿದವನು ನಮ್ಮಲ್ಲಿದ್ದುಕೊಂಡು ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿರುವ ಅಕ್ಕನ ಮಗ. “ನೀರಾಯಿತು ಸರಿ ಅತ್ತೆ, ಆದರೆ ಏನೂ ನಷ್ಟವಾಗಲಿಲ್ಲವಲ್ಲ? ಕೋಣೆಯ ಗಾಳಿ ಎಷ್ಟು ಶಾಖ ಕೊಟ್ಟಿತೋ ಐಸು ಅಷ್ಟೇ ಶಾಖ ತೆಗೆದುಕೊಂಡಿತು. ಜಮೆ ಖರ್ಚು ಸರಿಹೋಯಿತು” ಎಂದ. ಮಾತು ನಿಜ. ಶಕ್ತಿ ಒಂದಿಷ್ಟೂ ಕಳೆದುಹೋಗಿಲ್ಲ. ಹಾಗಾದರೆ ನಾವು ಐಸಿಗೆ ದುಡ್ಡು ಕೊಟ್ಟದ್ದು ಯಾವುದಕ್ಕೆ? ನೀರಿಗಲ್ಲ, ನೀರು ನಲ್ಲಿಯಲ್ಲೇ ಬರುತ್ತದೆ (ಬಂದ ದಿನ). ಶಕ್ತಿಗೂ ಅಲ್ಲ, ಕರಗಿ ಬೆಚ್ಚಗಾದ ನೀರಿನಲ್ಲಿ ಐಸಿಗಿಂತ ಹೆಚ್ಚೇ ಶಕ್ತಿ ಇದೆ. ಆ ಲೆಕ್ಕದ ಪ್ರಕಾರ ಅಂಗಡಿಯವನೇ ನಮಗೆ ದುಡ್ಡು ಕೊಡಬೇಕಾಗಿತ್ತು!

ಇಲ್ಲಿ ಬೇಕಾದದ್ದು ಇನ್ನೊಂದು ಖಾತೆ. 1865ರಲ್ಲಿ ಜರ್ಮನಿಯ ಕ್ಲಾಸಿಯಸ್ ಎಂಬ ವಿಜ್ಞಾನಿ ಅದಕ್ಕೆ ಎಂಟ್ರೊಪಿ ಎಂದು ಹೆಸರಿಟ್ಟ. ಇದನ್ನು ‘ಅವ್ಯವಸ್ಥೆ’ ಎಂದು ಅನುವಾದಿಸಿ ಮಕ್ಕಳ ಪುಸ್ತಕದ ಮೇಜನ್ನು ಉದಾಹರಣೆ ಕೊಡುವವರಿದ್ದಾರೆ. ನಮಗೆ ಆ ದಾರಿ ಅಷ್ಟು ಹಿಡಿಸದು, ಏಕೆಂದರೆ ಮೇಜಿನಿಂದ ಯಾವ ಅಂಕಿಯೂ ಹುಟ್ಟುವುದಿಲ್ಲ. ಕ್ಲಾಸಿಯಸ್ ಹೇಳಿದ್ದು ಸರಳ: ಒಳಗೆ ಬಂದ ಶಾಖವನ್ನು, ಅದು ಬಂದಾಗ ಆ ವಸ್ತುವಿಗಿದ್ದ ಉಷ್ಣಾಂಶದಿಂದ ಭಾಗಿಸಿ. ನೂರು ರೂಪಾಯಿ ಎಲ್ಲರ ಕೈಯಲ್ಲೂ ನೂರೇ. ಆದರೆ ಬಡವನ ಮನೆಯಲ್ಲಿ ಅದು ವಾರದ ಸಂತೆ, ಸಾಹುಕಾರನ ಮನೆಯಲ್ಲಿ ಕಾಫಿ ಖರ್ಚು. ಶಾಖವೂ ಹಾಗೆಯೇ. ತಣ್ಣಗಿರುವವನಿಗೆ ಸಿಕ್ಕರೆ ಅದರ ತೂಕ ಹೆಚ್ಚು, ಬಿಸಿಯಾಗಿರುವವನಿಂದ ಹೋದರೆ ಕಡಿಮೆ.

ಹುಡುಗನನ್ನು ಕೂರಿಸಿಕೊಂಡು ಒಂದು ಕಿಲೋ ಐಸಿನ ಲೆಕ್ಕ ಹಾಕಿದೆವು. ಐಸು ಸರಿಯಾಗಿ ಸೊನ್ನೆ ಡಿಗ್ರಿಯಲ್ಲಿದೆ, ಕೋಣೆ 30 ಡಿಗ್ರಿ ಎಂದು ಇಟ್ಟುಕೊಂಡೆವು. ಸನತ್‌ನಗರದ ಮೇ ತಿಂಗಳಿಗೆ ಇದು ದಾಕ್ಷಿಣ್ಯದ ಅಂಕಿ, ಆದರೆ ಗುಣಾಕಾರಕ್ಕೆ ಸುಲಭ.

ಮೊದಲು ಕರಗುವುದು. ಒಂದು ಕಿಲೋ ಐಸು ಕರಗಲು 334 ಕಿಲೋಜೂಲ್ ಶಾಖ ಬೇಕು. ಇದೇ ನಾವು ಶಾಲೆಯಲ್ಲಿ ಓದಿದ ಗುಪ್ತೋಷ್ಣ. ಇಷ್ಟು ಶಾಖ ನುಂಗುವಾಗಲೂ ಐಸು ಸೊನ್ನೆ ಡಿಗ್ರಿ ಬಿಟ್ಟು ಕದಲುವುದಿಲ್ಲ, ಆದ್ದರಿಂದ ಭಾಗಿಸುವುದಕ್ಕೆ ಒಂದೇ ಉಷ್ಣಾಂಶ. ಹುಡುಗ ಪೆನ್ನು ಎತ್ತಿ 334ರ ಕೆಳಗೆ ಸೊನ್ನೆ ಬರೆದು ನಮ್ಮ ಮುಖ ನೋಡಿದ. ಸೊನ್ನೆಯಿಂದ ಭಾಗಿಸಿದರೆ ಲೋಕವೇ ಮುಳುಗುತ್ತದೆ! ಇಲ್ಲಿ ಸೆಲ್ಸಿಯಸ್ ನಡೆಯದು. ಎಲ್ಲದಕ್ಕೂ 273 ಕೂಡಿಸಿ ಕೆಲ್ವಿನ್‌ನಲ್ಲಿ ಬರೆಯಬೇಕು. 334ನ್ನು 273ರಿಂದ ಭಾಗಿಸಿದರೆ 1.223. ಕೆಲ್ವಿನ್ನಿಗೆ ಇಷ್ಟು ಕಿಲೋಜೂಲ್ ಎಂಬುದು ಇದರ ಮಾನ. ಇದು ಕರಗಿದ್ದರಿಂದ ನೀರಿನ ಖಾತೆಗೆ ಬಂದ ಜಮೆ.

ಎರಡನೆಯದು, ಕರಗಿದ ನೀರು ಸೊನ್ನೆಯಿಂದ 30ಕ್ಕೆ ಏರುವುದು. ಒಂದು ಕಿಲೋ ನೀರು ಒಂದು ಡಿಗ್ರಿ ಏರಲು 4.18 ಕಿಲೋಜೂಲ್, ಮೂವತ್ತು ಡಿಗ್ರಿಗೆ 125.4. ಇದನ್ನು ಯಾವುದರಿಂದ ಭಾಗಿಸಬೇಕು? ಮೊದಲಿನ 273ರಿಂದಲೋ ಕೊನೆಯ 303ರಿಂದಲೋ? ಪರೀಕ್ಷೆಯಲ್ಲಿ ಹುಡುಗರು ಮುಗ್ಗರಿಸುವುದು ಇಲ್ಲಿಯೇ. ನೀರು ಏರುತ್ತಲೇ ಇರುವುದರಿಂದ ಎರಡೂ ತಪ್ಪು. ಪುಸ್ತಕದಲ್ಲಿ ಇದಕ್ಕೆ ಲಾಗರಿದಮ್ ಹಾಕುತ್ತಾರೆ. ಅದು ಬೇಡವೆನ್ನುವವರು ಹತ್ತು ಹತ್ತು ಡಿಗ್ರಿಯ ಮೂರು ಮೆಟ್ಟಿಲು ಮಾಡಿಕೊಳ್ಳಬಹುದು. ಪ್ರತಿ ಮೆಟ್ಟಿಲಿಗೆ 41.8 ಕಿಲೋಜೂಲ್, ಅದನ್ನು ಆ ಮೆಟ್ಟಿಲಿನ ನಡುವಣ ಉಷ್ಣಾಂಶದಿಂದ, ಅಂದರೆ 278, 288, 298ರಿಂದ, ಭಾಗಿಸಿದರೆ 0.150, 0.145, 0.140 ಬರುತ್ತವೆ. ಮೆಟ್ಟಿಲು ಏರಿದಂತೆ ಅದೇ ಶಾಖದ ತೂಕ ಇಳಿಯುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಬಿಡಿ ಅಂಕಿಗಳನ್ನು ಬಿಡದೆ ಕೂಡಿಸಿದರೆ 0.436. ಲಾಗರಿದಮ್ ಹಾಕಿದರೂ ಅಷ್ಟೇ ಬರುತ್ತದೆ. ಎರಡೂ ಹಂತ ಸೇರಿ ನೀರಿನ ಎಂಟ್ರೊಪಿ ಹೆಚ್ಚಿದ್ದು 1.659.

“ಇಲ್ಲಿಗೆ ಮುಗಿಯಿತು” ಎಂದು ಅವನು ಪುಸ್ತಕ ಮುಚ್ಚಲು ಹೊರಟ. ಅರ್ಧ ಮಾತ್ರ ಮುಗಿದಿತ್ತು. ಶಾಖ ಕೊಟ್ಟ ಕೋಣೆಯ ಖಾತೆ ಬರೆಯಬೇಡವೇ? ಕೋಣೆ ಕೊಟ್ಟದ್ದು 334 ಮತ್ತು 125.4, ಒಟ್ಟು 459.4 ಕಿಲೋಜೂಲ್. ಒಂದು ಕಿಲೋ ಐಸಿಗೆ ಹೆದರಿ ನಮ್ಮ ಸನತ್‌ನಗರ ತಣ್ಣಗಾಗುವುದಿಲ್ಲ. ಅದು ಮೊದಲಿಂದ ಕೊನೆಯವರೆಗೆ 303 ಕೆಲ್ವಿನ್‌ನಲ್ಲೇ ಇರುತ್ತದೆ. ಭಾಗಿಸಿದರೆ 1.516, ಇದು ಕೋಣೆಗೆ ಖರ್ಚು. ನೀರಿನ ಜಮೆ 1.659ರಲ್ಲಿ ಇದನ್ನು ಕಳೆದರೆ ಉಳಿಯುವುದು 0.143, ಅಂದರೆ ಕೆಲ್ವಿನ್ನಿಗೆ 143 ಜೂಲ್. ಶಾಖದ ಖಾತೆ ಪೈಸೆ ಬಿಡದೆ ಸರಿಹೋಗಿದೆ, ಎಂಟ್ರೊಪಿಯ ಖಾತೆ ಮಾತ್ರ ಸರಿಹೋಗಿಲ್ಲ. ಈ 143 ಎಲ್ಲಿಂದಲೂ ಬಂದದ್ದಲ್ಲ. ಶಾಖವು 303ರಿಂದ 273ಕ್ಕೆ ಧುಮುಕಿದಾಗ ಹೊಸದಾಗಿ ಹುಟ್ಟಿದ್ದು. ಒಮ್ಮೆ ಹುಟ್ಟಿದ್ದನ್ನು ಅಳಿಸುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಕೋಣೆಯೂ ಸೊನ್ನೆ ಡಿಗ್ರಿಯಲ್ಲೇ ಇದ್ದಿದ್ದರೆ? ಆಗ ಎರಡು ಕಡೆಯೂ 273ರಿಂದಲೇ ಭಾಗಾಕಾರ, ಉಳಿಕೆ ಸೊನ್ನೆ. ಐಸು ಕರಗುವುದೂ ಇಲ್ಲ, ನೀರು ಗಟ್ಟಿಯಾಗುವುದೂ ಇಲ್ಲ. ಎರಡೂ ನೆರೆಹೊರೆಯವರಂತೆ ಸುಮ್ಮನೆ ಕೂತಿರುತ್ತವೆ.

ಗೋಣಿ, ಮರದ ಹೊಟ್ಟು ಸುತ್ತಿದರೆ ಈ ಅಂಕಿ ಕಡಿಮೆಯಾದೀತೇ ಎಂದು ಮನೆಯವರು ಕೇಳಿದರು. ಐಸು ಒಂದು ದಿನ ಹೆಚ್ಚು ಬಾಳುತ್ತದೆ, ಆದರೆ ಕೊನೆಗೆ ಪೂರಾ ಕರಗಿ ಬೆಚ್ಚಗಾಗುವುದಾದರೆ ಅದೇ 143. ಅಂಗಳದ ಕಲ್ಲಿನ ಮೇಲೆ ಅರ್ಧ ಗಂಟೆಯಲ್ಲಿ ಕರಗಿದರೂ, ಹೊಟ್ಟಿನೊಳಗೆ ಎರಡು ದಿನ ನರಳಿದರೂ, ಸುತ್ತಲಿನ ಉಷ್ಣಾಂಶ ಒಂದೇ ಆಗಿದ್ದರೆ ಮೊತ್ತ ಒಂದೇ. ಎಂಟ್ರೊಪಿ ನೋಡುವುದು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ಎಂಬುದನ್ನು, ಎಷ್ಟು ಹೊತ್ತು ಹಿಡಿಯಿತೆಂಬುದನ್ನಲ್ಲ.

ಈಗ ದುಡ್ಡಿನ ಮಾತು. ಹುಟ್ಟಿದ ಎಂಟ್ರೊಪಿಯನ್ನು ಕೋಣೆಯ ಉಷ್ಣಾಂಶದಿಂದ ಗುಣಿಸಿದರೆ ಕೈತಪ್ಪಿದ ಕೆಲಸ ಎಷ್ಟೆಂದು ಸಿಗುತ್ತದೆ: 303ನ್ನು 0.143ರಿಂದ ಗುಣಿಸಿದರೆ ಸುಮಾರು 43 ಕಿಲೋಜೂಲ್. ಆ ಬೆಚ್ಚಗಿನ ನೀರನ್ನು ಮತ್ತೆ ಸೊನ್ನೆ ಡಿಗ್ರಿಯ ಐಸು ಮಾಡಬೇಕೆಂದರೆ ಎಂಥ ಆದರ್ಶ ಯಂತ್ರಕ್ಕೂ ಕನಿಷ್ಠ ಇಷ್ಟು ಕೆಲಸ ಉಣಿಸಲೇಬೇಕು. ಕರೆಂಟಿನ ಮಾತಿನಲ್ಲಿ ಒಂದು ಟನ್ ಐಸಿಗೆ ಸುಮಾರು 12 ಯೂನಿಟ್. ಐಸಿನ ಗಡ್ಡೆಯಲ್ಲಿ ನಾವು ಕೊಂಡದ್ದು ಇದನ್ನೇ. ಬೆಂಗಳೂರಿನ ನಮ್ಮ ನೆಂಟರ ಕೋಣೆ ಜನವರಿಯಲ್ಲಿ 20 ಡಿಗ್ರಿ ಇದ್ದರೆ ಇದೇ ಲೆಕ್ಕ ಕಿಲೋಗೆ 27 ಕಿಲೋಜೂಲ್‌ಗೆ ಇಳಿಯುತ್ತದೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಾದರೆ 61ಕ್ಕೆ ಏರುತ್ತದೆ. ಐಸು ಬೇಕೇ ಬೇಕೆನಿಸುವ ಹೊತ್ತಿನಲ್ಲೇ ಅದನ್ನು ಮಾಡುವುದೂ ದುಬಾರಿ. ಇದರಲ್ಲಿ ಅಂಗಡಿಯವನ ತಪ್ಪೇನೂ ಇಲ್ಲ.

ನಿಜವಾದ ಐಸ್ ಫ್ಯಾಕ್ಟರಿಗೆ 12 ಯೂನಿಟ್ ಏತಕ್ಕೂ ಸಾಲದು. ಅಲ್ಲಿ ನೀರು ತುಂಬಿದ ತಗಡಿನ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟಿರುತ್ತಾರೆ. ಡಬ್ಬದ ನೀರು ಸೊನ್ನೆಯಲ್ಲಿ ಗಟ್ಟಿಯಾಗಬೇಕಾದರೆ ಉಪ್ಪುನೀರು ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿರಬೇಕು, ಅದನ್ನು ತಣಿಸುವ ಅಮೋನಿಯ ಹದಿನೈದರಷ್ಟು ಕೆಳಗೆ. ಅತ್ತ ಶಾಖವನ್ನು ಹೊರಗೆ ಚೆಲ್ಲುವಾಗ ಅಮೋನಿಯ ಹೊರಗಿನ ಗಾಳಿಗಿಂತ ಬಿಸಿಯಾಗಿರಬೇಕು, 40 ಡಿಗ್ರಿ ಎನ್ನೋಣ. ಉಳಿದೆಲ್ಲ ಆದರ್ಶವಾಗಿದ್ದರೂ, ಈ ಕೆಳಗಿನ 258 ಕೆಲ್ವಿನ್ನಿಗೂ ಮೇಲಿನ 313ಕ್ಕೂ ನಡುವೆ ಅದೇ 459 ಕಿಲೋಜೂಲ್ ಶಾಖವನ್ನು ಎತ್ತಲು 98 ಕಿಲೋಜೂಲ್ ಕೆಲಸ ಬೇಕಾಗುತ್ತದೆ, ಅಂದರೆ 43ರ ದುಪ್ಪಟ್ಟಿಗೂ ಮಿಗಿಲು. ಶಾಖ ಒಂದೊಂದು ಅಂತರವನ್ನು ಹಾರುವಾಗಲೂ, ಆಟೋದಲ್ಲಿ ಐಸು ಕರಗಿದಾಗ ಹುಟ್ಟಿದಂತೆಯೇ, ಎಂಟ್ರೊಪಿ ಹುಟ್ಟುತ್ತದೆ. ಅದರ ಬಿಲ್ಲನ್ನು ಕಂಪ್ರೆಸರ್ ಕಟ್ಟುತ್ತದೆ. ಮೋಟಾರಿನ ಘರ್ಷಣೆ, ಪಂಪು, ಗೋಡೆಯಿಂದ ನುಸುಳುವ ಬಿಸಿ ಇವೆಲ್ಲ ಸೇರಿ ಖರ್ಚು ಇನ್ನೂ ಮೇಲೇರುತ್ತದೆ. ಕಂಡೆನ್ಸರಿನ ಕೊಳವೆಗೆ ಸುಣ್ಣದ ಪೊರೆ ಕಟ್ಟಿದರೆ ಮೇಲಿನ 40 ಇನ್ನಷ್ಟು ಏರುತ್ತದೆ. ಐಸು ಅಷ್ಟೇ ಇದ್ದು ಮೀಟರು ಜೋರಾಗಿ ಓಡಿದರೆ, ಬಲ್ಲ ಮೇಸ್ತ್ರಿ ಮೊದಲು ಆ ಕೊಳವೆಗಳನ್ನೇ ನೋಡುತ್ತಾನೆ.

ಹುಡುಗನಿಗೆ ಇಷ್ಟು ಸಾಕಾಯಿತು. ಮನೆಯವರಿಗೆ ಮಾತ್ರ ಇನ್ನೊಂದು ಪ್ರಶ್ನೆ ಉಳಿದಿತ್ತು. ಹಂಡೆಯಲ್ಲಿ ಐಸು ಪೂರಾ ಕರಗಿ ತಣ್ಣನೆಯ ನೀರಷ್ಟೇ ಉಳಿದಾಗ ಅದನ್ನು ಗಿಡಕ್ಕೆ ಚೆಲ್ಲುವುದೋ ಬೇಡವೋ? 143ನ್ನು ಬಿಡಿಸಿ ನೋಡಿದೆವು. ಕರಗುವಾಗ ನೀರಿಗೆ ಜಮೆ 1.223, ಕೋಣೆಗೆ ಖರ್ಚು 1.102, ಉಳಿಕೆ 121 ಜೂಲ್. ಬೆಚ್ಚಗಾಗುವಾಗ ಜಮೆ 0.436, ಖರ್ಚು 0.414, ಉಳಿಕೆ 22 ಜೂಲ್. ಕರಗಿದೊಡನೆ ಐಸಿನ ಬೆಲೆಯಲ್ಲಿ ಆರರಲ್ಲಿ ಐದು ಪಾಲು ಹೋಯಿತು. ಸೊನ್ನೆ ಡಿಗ್ರಿಯ ಆ ನೀರಿನಲ್ಲಿ ಇನ್ನೂ ಒಂದು ಪಾಲು ಇದೆ. ಶಾಖದ ಲೆಕ್ಕದಲ್ಲಿ ನೋಡಿದರೆ 125 ಕಿಲೋಜೂಲ್, ಒಟ್ಟಿನ ಕಾಲುಭಾಗಕ್ಕೂ ಹೆಚ್ಚು. ಈಗ ನಮ್ಮ ಮನೆಯಲ್ಲಿ ಆ ಹಂಡೆಯಲ್ಲಿ ಮಜ್ಜಿಗೆಯ ಪಾತ್ರೆ ಇಳಿಯುತ್ತದೆ, ಅದರ ಪಕ್ಕದಲ್ಲಿ ಎರಡು ಮಾವಿನಹಣ್ಣು. ಗಿಡಗಳಿಗೆ ನೀರು ಸಂಜೆ ಏಳರ ಮೇಲೆ.